ಅರ್ಧ ಕೆಜಿಯ ದರ ನೋಡಿ ಕೊರಿಯರ್ ಪ್ಲಾನ್ ಹಾಕಿಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ

ಉಡುಪಿ, ಮಂಗಳೂರು ಕಡೆಯಿಂದ ಹಲಸಿನಕಾಯಿ ಚಿಪ್ಸ್, ಬಾಳೆಕಾಯಿ ಚಿಪ್ಸ್, ಸಂಡಿಗೆಯಂತಹ ಹಗುರ ತಿನಿಸುಗಳನ್ನು ಪಾರ್ಸೆಲ್ ಮಾಡುವವರೇ, ನಿಮ್ಮ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಕೇಳದೆ ತೂಕವನ್ನಷ್ಟೇ ಕೇಳಿ ದರ ಹೇಳುವ ಯಾವ ಕೊರಿಯರ್ ಪ್ರತಿನಿಧಿಗೂ ಮುಂಗಡ ಹಣ ಕಟ್ಟಬೇಡಿ. ನಾವು ಕಟ್ಟಿದ್ದೇವೆ. ಅದು ಹೇಗೆ ಕರಗಿತೆಂದು ಗೊತ್ತಾದಾಗ ಆದ ಸಿಟ್ಟು ಇನ್ನೂ ಇಳಿದಿಲ್ಲ.

ಹಲವು ಕೊರಿಯರ್ ಕಂಪನಿಗಳನ್ನು ಒಂದೇ ಖಾತೆಯಲ್ಲಿ ಒದಗಿಸುವ ಸಂಸ್ಥೆಯೊಂದರ ಪ್ರತಿನಿಧಿ ನಮ್ಮ ಮನೆಗೇ ಬಂದಿದ್ದರು. ನಾನು ಮತ್ತು ಅತ್ತಿಗೆ ಪ್ಯಾಕ್ ಮಾಡಿಟ್ಟಿದ್ದ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿ ನೋಡಿ, ತೂಕವೆಷ್ಟೆಂದು ಕೇಳಿದರು. ಕಾಲು ಕೆಜಿಯ ಮೂರು ಪ್ಯಾಕೆಟ್, ಪೆಟ್ಟಿಗೆಯೂ ಸೇರಿ 900 ಗ್ರಾಂ. ‘ಹಾಗಾದರೆ ಒಂದು ಕೆಜಿ ಸ್ಲ್ಯಾಬ್ ಮೇಡಂ, ಬೆಂಗಳೂರಿಗೆ ಜಿಎಸ್‌ಟಿ ಸೇರಿ ತೊಂಬತ್ತು ರೂಪಾಯಿಯ ಒಳಗೇ ಆಗುತ್ತದೆ’ ಎಂದರು. ರಾಜ್ಯದೊಳಗೆ ಮೊದಲ ಅರ್ಧ ಕೆಜಿಗೆ 40 ರೂಪಾಯಿ, ಆನಂತರದ ಪ್ರತಿ ಅರ್ಧ ಕೆಜಿಗೆ 36 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಎಂಬುದು ಪ್ಲಾನ್. ಲೆಕ್ಕ ಹಾಕಿದರೆ 89 ರೂಪಾಯಿ 68 ಪೈಸೆ. ಅವರು ಹೇಳಿದ್ದು ಸುಳ್ಳಲ್ಲ, ಅಲ್ಲವೇ? ಬುಕ್ಕಿಂಗ್ ಪುಟದಲ್ಲಿ ಅಳತೆಯ ಜಾಗದಲ್ಲಿ 10, 10, 10 ಎಂದು ಮೊದಲೇ ತುಂಬಿರುವುದನ್ನು ತೋರಿಸಿ ಇದೇನೆಂದು ಕೇಳಿದ್ದಕ್ಕೆ, ‘ಅದನ್ನು ಹಾಗೆಯೇ ಬಿಡಿ ಮೇಡಂ, ಎಲ್ಲರೂ ಹಾಗೇ ಬಿಡುತ್ತಾರೆ’ ಎಂದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಗ್ರಾಹಕರಿಂದ ತೊಂಬತ್ತು ರೂಪಾಯಿ ಪಡೆದು ಪಾರ್ಸೆಲ್‌ಗಳನ್ನು ಕಳುಹಿಸುತ್ತಾ ಹೋದೆವು. ಬುಕ್ ಮಾಡುವಾಗ ನಾವು ಮುಂಗಡ ತುಂಬಿದ್ದ ವಾಲೆಟ್‌ನಿಂದ ಹೋಗುತ್ತಿದ್ದುದು ಸರಿಯಾಗಿಯೇ ಇತ್ತು. ಆದರೆ ಪಾರ್ಸೆಲ್ ತಲುಪಿ ಎಷ್ಟೋ ದಿನ ಕಳೆದ ಮೇಲೆ ‘ತೂಕದ ವ್ಯತ್ಯಾಸ’ ಎಂಬ ಹೆಸರಿನಲ್ಲಿ ಇನ್ನೂರು ರೂಪಾಯಿಗೂ ಮಿಕ್ಕಿದ ಮೊತ್ತ ಒಂದೊಂದು ಪಾರ್ಸೆಲ್‌ಗೂ ಕಡಿತವಾಗಿತ್ತು. ಹಪ್ಪಳದ ಕಟ್ಟುಗಳಿಗೆ ಒಂದು ಪೈಸೆಯೂ ಹೆಚ್ಚುವರಿ ಇಲ್ಲ. ಚಿಪ್ಸ್ ಪೆಟ್ಟಿಗೆಗಳಿಗೆ ಮಾತ್ರ. ಮಾಮೂಲಿ ತೂಕದ ತಪ್ಪಾಗಿದ್ದರೆ ಎರಡಕ್ಕೂ ಆಗಬೇಕಿತ್ತಲ್ಲ ಎಂದು ಸಂಶಯ ಬಂದು ಅದೇ ಪ್ರತಿನಿಧಿಗೆ ಫೋನ್ ಮಾಡಿದೆ.

‘ಹಬ್‌ನಲ್ಲಿ ಅಳೆದಾಗ 3.19 ಕೆಜಿ ಬಂದಿದೆ ಮೇಡಂ, 3.5ರ ಸ್ಲ್ಯಾಬ್ ಹಾಕಿದ್ದೇವೆ, ಫೋಟೋ ಡ್ಯಾಶ್‌ಬೋರ್ಡ್‌ನಲ್ಲಿದೆ’ ಎಂಬ ಉತ್ತರ ಬಂತು. ಫೋಟೋ ತೆರೆದು ನೋಡಿದರೆ ಅವರದೇ ತಕ್ಕಡಿಯ ಪರದೆಯಲ್ಲಿ 0.90 ಎಂದು ಸ್ಪಷ್ಟವಾಗಿ ಕಾಣುತ್ತಿದೆ! ಅದನ್ನು ಹೇಳಿದೆ. ‘ಅದು ಡೆಡ್ ವೇಟ್ ಮೇಡಂ. ಡೆಡ್ ವೇಟ್ ಮತ್ತು ವಾಲ್ಯೂಮೆಟ್ರಿಕ್ ವೇಟ್‌ಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಚಾರ್ಜ್.’ ಎಂದರೆ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಒಂದು ನಿಗದಿತ ಸಂಖ್ಯೆಯಿಂದ ಭಾಗಿಸಿದರೆ ಬರುವ ಕೆಜಿಯೇ ತೂಕ. ಲಾರಿಯಲ್ಲಿ ಜಾಗ ಹಿಡಿಯುವುದಕ್ಕೆ ಬಾಡಿಗೆ ಕೇಳುವುದು ತಪ್ಪೆಂದು ನಾನೂ ಹೇಳುವುದಿಲ್ಲ. ಆದರೆ ನಮ್ಮ ಪೆಟ್ಟಿಗೆ 30, 25, 15 ಸೆಂಟಿಮೀಟರ್, ಗುಣಿಸಿದರೆ 11,250. ಅವರದೇ ಜಾಲತಾಣದ ಮೊದಲ ಪುಟದಲ್ಲಿದ್ದಂತೆ 5000ದಿಂದ ಭಾಗಿಸಿದರೆ 2.25 ಕೆಜಿ. 3.19 ಎಲ್ಲಿಂದ ಬಂತು?

ಇಲ್ಲಿಂದ ಮುಂದಿನ ಮಾತನ್ನು ನಾನು ಮರೆಯಲಾರೆ. ‘5000 ಏರ್‌ಗೆ ಮೇಡಂ. ನೀವು ತೆಗೆದುಕೊಂಡಿರುವುದು ಸರ್ಫೇಸ್ ಪ್ಲಾನ್, ಅದಕ್ಕೆ 4000. ಷರತ್ತುಗಳಲ್ಲಿ ಇದೆ.’ ರಸ್ತೆ ಮಾರ್ಗ ಅಗ್ಗವೆಂದು ಅದನ್ನೇ ಆರಿಸಿಕೊಟ್ಟವರು ಅವರೇ. ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಬರುವ ತೂಕ ದೊಡ್ಡದಾಗುತ್ತದೆಂದು ಹೇಳದವರೂ ಅವರೇ. ಆದರೂ 11,250ನ್ನು 4000ದಿಂದ ಭಾಗಿಸಿದರೆ 2.81 ತಾನೇ, 3 ಕೆಜಿ ಸ್ಲ್ಯಾಬ್ ತಾನೇ ಎಂದೆ. ‘ನಿಮ್ಮ ಪೆಟ್ಟಿಗೆ ಉಬ್ಬಿದೆ ಮೇಡಂ, ಎತ್ತರ 17 ಬಂದಿದೆ.’ ನಿಜ, ಗಾಳಿ ತುಂಬಿದ ಪ್ಯಾಕೆಟ್‌ಗಳು ಒಳಗಿನಿಂದ ಒತ್ತಿ ಮುಚ್ಚಳ ಸ್ವಲ್ಪ ಉಬ್ಬಿತ್ತು, ಮತ್ತು ಯಂತ್ರ ಅಳೆಯುವುದು ಅತ್ಯಂತ ಉಬ್ಬಿದ ಜಾಗವನ್ನೇ. ಆ ಎರಡು ಸೆಂಟಿಮೀಟರ್ ನಮ್ಮನ್ನು ಇನ್ನೊಂದು ಸ್ಲ್ಯಾಬ್‌ಗೆ ದೂಡಿತು: 40ರ ಜೊತೆಗೆ 36ರಂತೆ ಆರು ಬಾರಿ, ಜಿಎಸ್‌ಟಿ ಸೇರಿ 302 ರೂಪಾಯಿ 8 ಪೈಸೆ. ಒಳಗಿರುವ ಚಿಪ್ಸ್‌ನ ಬೆಲೆ 450 ರೂಪಾಯಿ. ನೀವೇ ಬಂದು ಪೆಟ್ಟಿಗೆ ನೋಡಿದ್ದಿರಲ್ಲ ಎಂದು ಕೇಳಿದ್ದಕ್ಕೆ ಬಂದ ಉತ್ತರ: ‘ಅಳತೆ ನೀವು ತುಂಬಬೇಕಿತ್ತು ಮೇಡಂ, ನೀವು 10, 10, 10 ಹಾಕಿದ್ದೀರಿ.’ ಹಾಗೆಯೇ ಬಿಡಿ ಎಂದ ಅದೇ ಬಾಯಿ!

ಆಕ್ಷೇಪ ಸಲ್ಲಿಸಲು ಏಳು ದಿನದ ಗಡುವು. ಆ ಸೂಚನೆ ಬರುತ್ತಿದ್ದುದು ಡ್ಯಾಶ್‌ಬೋರ್ಡ್‌ನ ಒಂದು ಮೂಲೆಗೆ ಮಾತ್ರ, ಫೋನ್‌ಗೆ ಸಂದೇಶವಿಲ್ಲ. ಹಳೆಯವುಗಳ ಗಡುವು ಮುಗಿದಿತ್ತು. ಉಳಿದವಕ್ಕೆ ಮೂರೂ ಬದಿಗೆ ಟೇಪ್ ಹಿಡಿದು, ಲೇಬಲ್ ಕಾಣುವಂತೆ ತೆಗೆದ ಫೋಟೋ ಬೇಕಂತೆ. ಕಳುಹಿಸಿಯಾದ ಪೆಟ್ಟಿಗೆಗೆ ಈಗ ಟೇಪ್ ಹಿಡಿಯುವುದು ಹೇಗೆ?

ಪಿನ್‌ಕೋಡ್‌ನ ಕಥೆ ಇನ್ನೊಂದು. ಕೊಪ್ಪದ ಕಡೆಯ ಒಂದು ಹಳ್ಳಿಯಿಂದ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಬಂದಿತ್ತು. ಪಿನ್‌ಕೋಡ್ ಹಾಕಿದರೆ ‘ಸೇವೆ ಲಭ್ಯ’ ಎಂದು ಹಸಿರು ಗುರುತು ಬಂತು. ಗ್ರಾಹಕರು ದಿನವಿಡೀ ಮನೆಯಲ್ಲೇ ಇದ್ದರು, ಯಾರೂ ಬರಲಿಲ್ಲ; ಪೇಟೆಗೆ ಬಂದು ತೆಗೆದುಕೊಂಡು ಹೋಗಿ ಎಂದು ಒಂದು ಫೋನ್ ಮಾತ್ರ ಬಂತಂತೆ. ವಯಸ್ಸಾದವರು, ಆಗುವುದಿಲ್ಲ ಎಂದರು. ಟ್ರ್ಯಾಕಿಂಗ್‌ನಲ್ಲಿ ‘ಗ್ರಾಹಕರು ನಿರಾಕರಿಸಿದ್ದಾರೆ’ ಎಂದು ಬರೆದು ಪಾರ್ಸೆಲ್ ಹಿಂದಿರುಗಿಸಿದರು. ಹೋಗುವಾಗ 302, ಬರುವಾಗ ಮತ್ತೆ 302, ಚಿಪ್ಸ್ ಪುಡಿಪುಡಿ. ಆಗುಂಬೆ ಘಾಟಿ ಹತ್ತಿ ನಾವೇ ಹೋಗಿ ಕೊಟ್ಟು ಬಂದಿದ್ದರೆ ಇದಕ್ಕಿಂತ ಅಗ್ಗವಾಗುತ್ತಿತ್ತೆಂದು ಅತ್ತಿಗೆ ಹೇಳಿದ್ದು ತಮಾಷೆಗಲ್ಲ. ಪಿನ್‌ಕೋಡ್ ಎಂಬುದು ಅಂಚೆ ಇಲಾಖೆ ತನ್ನ ಬಟವಾಡೆ ಕಚೇರಿಗಳಿಗಾಗಿ ಮಾಡಿಕೊಂಡ ಸಂಖ್ಯೆ. ಒಂದೇ ಸಂಖ್ಯೆಯ ಕೆಳಗೆ ಹತ್ತಾರು ಹಳ್ಳಿಗಳು ಬರಬಹುದು. ಅಂಚೆಯಣ್ಣ ಶಾಖಾ ಕಚೇರಿಯಿಂದ ಅಲ್ಲಿಗೆಲ್ಲ ಹೋಗುತ್ತಾನೆ. ಖಾಸಗಿಯವರು ಪೇಟೆಗಷ್ಟೇ ಹೋಗಿಯೂ ಆ ಇಡೀ ಸಂಖ್ಯೆಗೆ ಹಸಿರು ಗುರುತು ಹಾಕಿಬಿಡುತ್ತಾರೆ. ‘ಲಭ್ಯ ಎಂದರೆ ಪ್ರೀಪೇಯ್ಡ್‌ಗೋ, ಕ್ಯಾಶ್ ಆನ್ ಡೆಲಿವರಿಗೋ, ಮನೆ ಬಾಗಿಲಿಗೋ’ ಎಂದು ಕೇಳಿದ್ದಕ್ಕೆ, ‘ಸಿಸ್ಟಮ್‌ನಲ್ಲಿ ಲಭ್ಯ ಎಂದಿದೆ ಮೇಡಂ’ ಎಂಬುದಷ್ಟೇ ಉತ್ತರ.

ಆದ್ದರಿಂದ ಪ್ಲಾನ್ ಹಾಕಿಸುವ ಮೊದಲು, ನೀವು ತೆಗೆದುಕೊಳ್ಳುವ ಸೇವೆಗೆ ಭಾಗಿಸುವ ಸಂಖ್ಯೆ ಯಾವುದೆಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಪ್ಯಾಕ್ ಮಾಡಿ ಟೇಪ್ ಸುತ್ತಿದ ಮೇಲೆ ಉಬ್ಬಿದ ಜಾಗದಲ್ಲೇ ಅಳೆಯಿರಿ, ಅದೇ ಸಂಖ್ಯೆಯನ್ನು ಬುಕ್ಕಿಂಗ್‌ನಲ್ಲಿ ತುಂಬಿ, ಪ್ರತಿ ಪೆಟ್ಟಿಗೆಗೂ ಟೇಪ್ ಹಿಡಿದ ಫೋಟೋ ಇಟ್ಟುಕೊಳ್ಳಿ. ನಾವೀಗ ಪ್ಯಾಕೆಟ್‌ನ ಗಾಳಿ ಕಡಿಮೆ ಮಾಡಿ 30, 20, 13ರ ಪೆಟ್ಟಿಗೆಗೆ ಬಂದಿದ್ದೇವೆ. 4000ದಿಂದ ಭಾಗಿಸಿದರೂ 1.95 ಕೆಜಿ, ಎರಡು ಕೆಜಿ ಸ್ಲ್ಯಾಬ್‌ನೊಳಗೆ ನಿಲ್ಲುತ್ತದೆ, 175 ರೂಪಾಯಿಯ ಒಳಗೆ ಹೋಗುತ್ತದೆ. ಚಿಪ್ಸ್ ಈಗ ಬೇರೆಯವರ ಮೂಲಕ ಹೋಗುತ್ತಿದೆ, ಹಳ್ಳಿಯ ವಿಳಾಸಗಳಿಗೆ ಅಂಚೆ ಕಚೇರಿಯೇ ಗತಿ.

ಹಳೆಯ ವಾಲೆಟ್‌ನಲ್ಲಿ ಉಳಿದ ಹಣವನ್ನು ಹಿಂದಿರುಗಿಸಿ ಎಂದರೆ, ‘ರೀಚಾರ್ಜ್ ಮೊತ್ತಕ್ಕೆ ರೀಫಂಡ್ ಇಲ್ಲ ಮೇಡಂ, ಶಿಪ್ಪಿಂಗ್‌ಗೆ ಬಳಸಬಹುದು’ ಎಂದರು. ಬಳಸುತ್ತಿದ್ದೇವೆ, ಹಪ್ಪಳದ ಕಟ್ಟುಗಳಿಗೆ ಮಾತ್ರ.