ಐಎಸ್‌ಡಿ ಪ್ಯಾಕೋ, ತಮ್ಮನ ಹಳೇ ಸಿಮ್ಮೋ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದದ್ದು ಹಳೇ ಸಿಮ್. ಮೂರು ತಿಂಗಳು ಪ್ಯಾಕ್ ಹಾಕಿಸಿ ಕೈ ಸುಟ್ಟುಕೊಂಡ ಮೇಲೆ ಈ ದಾರಿ ಹಿಡಿದೆವು.

ತಮ್ಮ ಹೊರದೇಶದಲ್ಲಿದ್ದಾನೆ. ಅಮ್ಮನ ಹತ್ತಿರ ಇರುವುದು ಕೀಪ್ಯಾಡ್ ಫೋನ್, ಬೇರೆ ಫೋನ್ ಮುಟ್ಟುವುದಿಲ್ಲ. ಆ್ಯಪ್ ಕರೆಯ ಮಾತು ಅಲ್ಲಿಗೇ ಮುಗಿಯಿತು. ಹಾಗಾಗಿ ಅವಳ ನಂಬರಿಗೆ 100 ನಿಮಿಷದ ಐಎಸ್‌ಡಿ ಪ್ಯಾಕ್ ಹಾಕಿಸಿದೆ. 28 ದಿನಕ್ಕೆ ಧಾರಾಳ ಅಂದುಕೊಂಡಿದ್ದೆ. 17ನೇ ದಿನವೇ ಖಾಲಿ.

ಅಮ್ಮ ಉದ್ದ ಮಾತಾಡುವವಳಲ್ಲ. "ಎದ್ಯೇನೋ?", "ಮನೆಗೆ ಬಂದ್ಯಾ?" ಅಷ್ಟೇ. ದಿನಕ್ಕೆ ಮೂರು ಸಲ, ಸುಮಾರು 70 ಸೆಕೆಂಡಿನ ಮಾತು. ಆದರೆ ಆ ಪ್ಯಾಕಿನ ಪಲ್ಸ್ ಒಂದು ನಿಮಿಷದ್ದು. 70 ಸೆಕೆಂಡ್ ಮಾತಾಡಿದರೆ ಎರಡು ನಿಮಿಷ ಹೋಗುತ್ತದೆ. ಮಾತಾಡಿದ್ದು ದಿನಕ್ಕೆ ಮೂರೂವರೆ ನಿಮಿಷ, ಕಳೆದದ್ದು ಆರು. ಖಾಲಿಯಾದ ಮೇಲೆ ಕರೆ ನಿಲ್ಲುವುದೂ ಇಲ್ಲ, ಮಾಮೂಲಿ ಐಎಸ್‌ಡಿ ದರದಲ್ಲಿ ಸುಮ್ನೆ ಮುಂದುವರಿಯುತ್ತದೆ. ಪ್ಯಾಕ್ ಕೊಳ್ಳುವಾಗ ನಿಮಿಷ ಎಷ್ಟು ಅಂತ ನೋಡುವ ಮೊದಲು ಪಲ್ಸ್ ನೋಡಿ.

ಆಮೇಲೆ ನಾನೇ ಒಂದು ದಡ್ಡ ಕೆಲಸ ಮಾಡಿದೆ. ನನ್ನ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ತಮ್ಮನ ಹೊರದೇಶದ ನಂಬರಿಗೆ ಕರೆ ಮಾಡಿದೆ. ಇಂಟರ್‌ನೆಟ್ ಮೇಲೆ ಹೋಗುವ ಕರೆ ತಾನೇ, ಪುಕ್ಕಟೆ ಅಂದುಕೊಂಡೆ. ಪೂರ್ತಿ ಐಎಸ್‌ಡಿ ದರ ಬಿತ್ತು. ವೈಫೈ ಕರೆಯನ್ನು ನಮ್ಮ ಮೊಬೈಲ್ ಕಂಪನಿಯವರೆಗೆ ಮುಟ್ಟಿಸುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಅದು ಎಂದಿನ ಐಎಸ್‌ಡಿ ಕರೆಯೇ.

ಅಂದರೆ ವೈಫೈ ಕಾಲಿಂಗ್ ಬೇಕಿರುವುದು ನಮ್ಮ ಕಡೆ ಅಲ್ಲ, ಅವನ ಕಡೆ. ತಮ್ಮ ತನ್ನ ಊರಿನ ಹಳೇ ಸಿಮ್ಮನ್ನು ಎರಡನೇ ಸ್ಲಾಟಿಗೆ ಹಾಕಿ, ಅದಕ್ಕೆ ವೈಫೈ ಕಾಲಿಂಗ್ ಆನ್ ಮಾಡಿದ. ಅಮ್ಮ ಅವನ ಹಳೇ ನಂಬರನ್ನೇ ಒತ್ತುತ್ತಾಳೆ. ಅವಳ ಪ್ಲಾನಿಗೆ ಅದು ಒಳನಾಡಿನ ಕರೆ, ಕೀಪ್ಯಾಡ್ ಫೋನ್ ಸಾಕು. ಅಲ್ಲಿ ಅವನ ಮನೆಯ ವೈಫೈ ಮೇಲೆ ಫೋನ್ ಬಡಿದುಕೊಳ್ಳುತ್ತದೆ.

ಇದರಲ್ಲೂ ಒಂದು ಮುಳ್ಳಿದೆ. ಎರಡನೇ ವಾರ ಅವನು ಹೊರಗೆ ನಡೆದು ಹೋಗುವಾಗ ಅಮ್ಮನ ಕರೆ ಬಂತು. ಹನ್ನೆರಡು ನಿಮಿಷ ಮಾತಾಡಿದರು. ವೈಫೈ ದಾಟಿದ ತಕ್ಷಣ ಹಳೇ ಸಿಮ್ ಅಲ್ಲಿಯ ನೆಟ್‌ವರ್ಕ್ ಹಿಡಿದುಕೊಂಡಿತ್ತು. ಅಮ್ಮನಿಗೆ ಖರ್ಚಿಲ್ಲ, ಬರುವ ಕರೆಗೆ ರೋಮಿಂಗ್ ದರ ತಮ್ಮನ ತಲೆಗೆ. ಡೇಟಾ ರೋಮಿಂಗ್ ಆಫ್ ಇತ್ತಲ್ಲಾ ಅಂತ ಅವನ ವಾದ. ಅದು ಡೇಟಾವನ್ನು ಮಾತ್ರ ತಡೆಯುತ್ತದೆ, ಮಾತನ್ನಲ್ಲ. ಫ್ಲೈಟ್ ಮೋಡ್ ಹಾಕಿದರೆ ಅಲ್ಲಿಯ ಸಿಮ್ಮೂ ಸತ್ತುಹೋಗುತ್ತದೆ.

ಕೊನೆಗೆ ಕಂಪನಿಗೆ ಹೇಳಿ ಹಳೇ ಸಿಮ್ಮಿನ ಅಂತಾರಾಷ್ಟ್ರೀಯ ರೋಮಿಂಗನ್ನೇ ತೆಗೆಸಿದೆವು. ಈಗ ಅವನು ವೈಫೈನಲ್ಲಿ ಇಲ್ಲದಿದ್ದರೆ ಅಮ್ಮನಿಗೆ ಸಂಪರ್ಕ ಸಿಗುವುದಿಲ್ಲ, ಅಷ್ಟೇ. ಫೋನಿನ ಮೇಲುಪಟ್ಟಿ ನೋಡಿದರೆ ಗೊತ್ತಾಗುತ್ತದೆ: ಹಳೇ ಸಿಮ್ಮಿನ ಪಕ್ಕ ನಮ್ಮ ಕಂಪನಿಯ ಹೆಸರು, ವೈಫೈ ಕಾಲಿಂಗ್ ಗುರುತು ಇದ್ದರೆ ಸರಿ. ರೋಮಿಂಗ್ ತೆಗೆಸದೆ ಇದ್ದು, ಅಲ್ಲಿಯ ನೆಟ್‌ವರ್ಕಿನ ಹೆಸರು ಕಂಡರೆ ಎತ್ತಬೇಡಿ. ಎತ್ತದಿದ್ದರೂ ಒಂದು ಅಪಾಯ ಇದೆ. ಕರೆ ವಾಯ್ಸ್‌ಮೇಲಿಗೆ ಫಾರ್ವರ್ಡ್ ಆಗುವಂತಿದ್ದರೆ, ಅದು ಹೊರದೇಶಕ್ಕೆ ಹೋಗಿ ವಾಪಸ್ ಬರುತ್ತದೆ, ಎರಡೂ ಕಡೆಯ ದರ ಬೀಳಬಹುದು. ಫಾರ್ವರ್ಡಿಂಗ್ ತೆಗೆಯಲು ಸಾಮಾನ್ಯ ಕೋಡ್ ಇದು:

```
##002#
```

ಅವನ ಆಫೀಸ್ ವೈಫೈನಲ್ಲಿ ಮಾತ್ರ ಇದು ನಡೆಯಲೇ ಇಲ್ಲ. ಬ್ರೌಸರ್ ಓಡುತ್ತದೆ, ವೈಫೈ ಕಾಲಿಂಗ್ ಗುರುತು ಬರುವುದಿಲ್ಲ. ಅದಕ್ಕೆ ಯುಡಿಪಿ 500 ಮತ್ತು 4500 ಪೋರ್ಟ್ ಬೇಕು, ಆಫೀಸಿನ ಫೈರ್‌ವಾಲ್ ಅವನ್ನು ಮುಚ್ಚಿತ್ತು. ಮನೆಗೆ ಬಂದ ಮೇಲೆ ಮಾತಾಡ್ತೀನಿ ಅಂತ ಅಮ್ಮನಿಗೆ ಹೇಳಿಬಿಟ್ಟ.

ಹೊರದೇಶದಿಂದ ವೈಫೈ ಕಾಲಿಂಗನ್ನು ಎಲ್ಲ ಕಂಪನಿಗಳೂ ಒಂದೇ ಥರ ನೋಡುವುದಿಲ್ಲ. ಕೆಲವರು ಒಳನಾಡಿನ ಕರೆ ಅಂತಾರೆ, ಕೆಲವರು ರೋಮಿಂಗ್ ಅಂತಾರೆ, ಕೆಲವರು ತಡೆದೇ ಬಿಡುತ್ತಾರೆ. ರೋಮಿಂಗ್ ತೆಗೆಸಿದ ಮೇಲೂ ವೈಫೈ ಕಾಲಿಂಗ್ ನಡೆಯುತ್ತಾ ಅಂತ ಕೇಳಿಕೊಳ್ಳಬೇಕು. ವೈಫೈ ಕಾಲಿಂಗನ್ನು ಊರಲ್ಲಿದ್ದಾಗಲೇ ಆನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹೋದ ಮೇಲೆ ಒಂದು ನಿಮಿಷದ ಕರೆ ಮಾಡಿ, ಮರುದಿನ ಎರಡೂ ಕಡೆಯ ಖಾತೆ ನೋಡಿ.

ಹಳೇ ಸಿಮ್ ಸಾಯದಂತೆ ರೀಚಾರ್ಜ್ ಮಾಡುತ್ತಿರಬೇಕು. ಆ ಖರ್ಚು ನಮಗೆ ಪ್ಯಾಕಿಗಿಂತ ಕಡಿಮೆ ಬಿತ್ತು, ಬ್ಯಾಂಕಿನ ಒಟಿಪಿಯೂ ಅದರ ಮೇಲೇ ಬರುತ್ತದೆ. ಪ್ಯಾಕನ್ನು ಪೂರ್ತಿ ಬಿಟ್ಟಿಲ್ಲ. ಹೊರದೇಶದಲ್ಲಿರುವ ನಾದಿನಿಗೆ ಹಳೇ ಸಿಮ್ ಇಲ್ಲ. ಅವಳ ಹೆರಿಗೆ ತಿಂಗಳಲ್ಲಿ ಚಿಕ್ಕದೊಂದು ಪ್ಯಾಕ್ ಹಾಕಿಸಿದೆ, ಈ ಸಲ ಸೆಕೆಂಡ್ ಪಲ್ಸ್ ಇರುವುದನ್ನೇ ಹುಡುಕಿ.