‘ಇರಲಿ ಬಿಡಿ, ನಾನೇ ನೋಡ್ತೀನಿ’ ಎನ್ನುವ ಸಂಪಾದಕರ ಕೈಕೆಳಗೆ ಕರಡು ತಿದ್ದುವವರಿಗೆ ಒಂದು ಎಚ್ಚರಿಕೆ

ಪ್ರಕಾಶನ ಸಂಸ್ಥೆಗಳಲ್ಲಿ ಕರಡು ತಿದ್ದುವ ಕೆಲಸಕ್ಕೆ ಹೊಸದಾಗಿ ಸೇರುವವರು, ಸೇರಿ ಆರೇ ತಿಂಗಳಲ್ಲಿ ‘ನನಗೆ ಕನ್ನಡವೇ ಸರಿಯಾಗಿ ಬರೋದಿಲ್ಲವೇನೋ’ ಎಂದು ಅನುಮಾನ ಪಡುತ್ತಿರುವವರು ಇದನ್ನು ಓದಬೇಕು. ಇಂಥ ಅನುಮಾನಕ್ಕೆ ಎಷ್ಟೋ ಸಲ ಕಾರಣ ನಿಮ್ಮ ಕನ್ನಡವಲ್ಲ. ನೀವು ತಿದ್ದಿದ ಪುಟವನ್ನೆಲ್ಲ ಮತ್ತೆ ಕೂತು ತಿದ್ದುವ, ಯಾಕೆಂದು ಮಾತ್ರ ಹೇಳದ ಒಬ್ಬ ಹಿರಿಯ ಸಂಪಾದಕರು.

ಇವರು ಸಿಡುಕರಲ್ಲ, ಬೈಯುವವರೂ ಅಲ್ಲ. ಅದಕ್ಕೇ ತೊಂದರೆ ಬೇಗ ಗೊತ್ತಾಗುವುದಿಲ್ಲ. ಕಿರಿಯರು ಎರಡು ದಿನ ಕೂತು ತಿದ್ದಿದ ಅಧ್ಯಾಯವನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ಪೂರ್ತಿ ಬದಲಿಸಿ ತರುತ್ತಾರೆ. ‘ಬಳಿಕ’ ಎಂದಿದ್ದದ್ದು ‘ತರುವಾಯ’ ಆಗಿರುತ್ತದೆ, ಮುಂದಿನ ಪುಸ್ತಕದಲ್ಲಿ ‘ತರುವಾಯ’ ಮತ್ತೆ ‘ಬಳಿಕ’ ಆಗುತ್ತದೆ. ಕೇಳಿದರೆ, ‘ಇರಲಿ ಬಿಡಮ್ಮ, ನಾನೇ ನೋಡ್ತೀನಿ.’ ತಪ್ಪು ಯಾವುದು, ರುಚಿಭೇದ ಯಾವುದು ಎಂದು ಕಿರಿಯರಿಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ಕಲಿಯುವುದಕ್ಕೆ ಏನೂ ಸಿಗದೆ, ತಾನು ಮಾಡಿದ್ದು ಸಾಲದು ಎಂಬುದೊಂದೇ ತಲೆಯಲ್ಲಿ ಉಳಿಯುತ್ತದೆ.

ಇದು ಮನಸ್ಸಿಗೆ ಬೇಸರ ತರುವುದರಲ್ಲೇ ಮುಗಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಪುಸ್ತಕವೂ ಕೆಡುತ್ತದೆ. ಅಡಿಕೆ ಬೇಸಾಯದ ಒಂದು ಕೈಪಿಡಿಯಲ್ಲಿ ಆದದ್ದನ್ನೇ ನೋಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಬಗೆಯನ್ನು ಲೇಖಕರು, ಸ್ವತಃ ಕೃಷಿಕರು, ಹೀಗೆ ಬರೆದಿದ್ದರು: ‘50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ ಕರಗಿಸಿ. ಬೇರೆ ಪಾತ್ರೆಯಲ್ಲಿ 50 ಲೀಟರ್ ನೀರಿಗೆ 1 ಕಿಲೋ ಸುಣ್ಣ ಕಲಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಬೇಡಿ. ಕಬ್ಬಿಣದ ಚಾಕು ಅದ್ದಿ ನೋಡಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ.’

ಮೊದಲ ಕರಡು ತಿದ್ದಿದವರು ಲೇಖಕರಿಗೆ ಫೋನ್ ಮಾಡಿ ಅಳತೆ, ಕ್ರಮ ಎರಡನ್ನೂ ಖಚಿತಪಡಿಸಿಕೊಂಡು ಹಾಗೇ ಬಿಟ್ಟಿದ್ದರು. ಎರಡನೇ ಕರಡು ಮುಗಿದ ಮೇಲೆ ಸಂಪಾದಕರ ಕೈಗೆ ಹೋಗಿ ಬಂದಾಗ ಅದು ಹೀಗಾಗಿತ್ತು: ‘ತಲಾ 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ ಹಾಗೂ 1 ಕಿಲೋ ಸುಣ್ಣವನ್ನು ಪ್ರತ್ಯೇಕವಾಗಿ ಕರಗಿಸಿ, ಎರಡನ್ನೂ ಚೆನ್ನಾಗಿ ಬೆರೆಸಿ.’

ವ್ಯಾಕರಣದಲ್ಲಿ ಒಂದು ಕೊಂಕಿಲ್ಲ, ವಾಕ್ಯ ಚೊಕ್ಕವಾಗಿದೆ, ಐದು ವಾಕ್ಯ ಒಂದಾಗಿದೆ. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕೆಂಬುದೇ ಮಾಯ. ತಿರುಗಾಮುರುಗಾ ಸುರಿದರೆ ಗಸಿ ದಪ್ಪನಾಗಿ ತಳಕ್ಕಿಳಿಯುತ್ತದೆ, ಪಂಪಿನ ನಾಝಲ್ ಕಟ್ಟಿಕೊಳ್ಳುತ್ತದೆ, ದ್ರಾವಣ ಗೊನೆಗೆ ಅಂಟುವುದಿಲ್ಲ. ಚಾಕುವಿನ ಪರೀಕ್ಷೆ ಸಂಪಾದಕರಿಗೆ ‘ಹಳ್ಳಿ ಮಾತು’ ಅನ್ನಿಸಿರಬೇಕು, ಅದೂ ಹೋಯಿತು. ಸುಣ್ಣ ಕಡಿಮೆ ಬಿದ್ದು ತಾಮ್ರ ಉಳಿದುಕೊಂಡಿದೆಯೇ ಎಂದು ತೋಟದಲ್ಲೇ ತಿಳಿಯುವ ಸುಲಭದ ದಾರಿ ಅದು. ಉಳಿದಿದ್ದರೆ ಎಳೆಯ ಭಾಗ ಸುಟ್ಟಂತಾಗುತ್ತದೆ.

ಅಂತಿಮ ಕರಡು ನೋಡಿದವರಿಗೆ ಈ ಬದಲಾವಣೆ ಕಂಡಿತ್ತು. ‘ಸರ್ ಬದಲಿಸಿದ್ದಾರೆ ಅಂದ್ರೆ ಯಾರನ್ನೋ ಕೇಳಿಯೇ ಬದಲಿಸಿರ್ತಾರೆ’ ಎಂದು ಸುಮ್ಮನಾದರು. ಹಿಂದೆ ಮೂರ್ನಾಲ್ಕು ಸಲ ಪ್ರಶ್ನೆ ಹಾಕಿ, ಉತ್ತರ ಬಾರದೆ, ಕೊನೆಗೆ ಪ್ರಶ್ನೆ ಹಾಕುವುದನ್ನೇ ಬಿಟ್ಟಿದ್ದರು. ಪುಸ್ತಕ ಅಚ್ಚಾಗಿ ಬಂದ ಮೇಲೆ ಲೇಖಕರೇ ಹಿಡಿದರು. ಪ್ರತಿ ಪ್ರತಿಗೂ ತಿದ್ದುಪಡಿ ಚೀಟಿ ಅಂಟಿಸಬೇಕಾಯಿತು.

ತಪ್ಪು ನುಸುಳಿದ ಜಾಗವನ್ನು ಸರಿಯಾಗಿ ಗುರುತಿಸಿಕೊಳ್ಳಿ. ಸಂಪಾದಕರು ತಿದ್ದಬಾರದು ಎಂದಲ್ಲ, ಅವರ ಕೆಲಸವೇ ಅದು. ಕೊನೆಯ ಬದಲಾವಣೆಯನ್ನು ಬದಲಿಸಿದವರನ್ನು ಬಿಟ್ಟು ಇನ್ನೊಬ್ಬರು ಮೂಲದ ಜೊತೆ ಹೋಲಿಸಿ ಓದಲಿಲ್ಲ, ಓದಿದವರಿಗೆ ಪ್ರಶ್ನಿಸುವ ಧೈರ್ಯ ಉಳಿದಿರಲಿಲ್ಲ. ತಾನು ಬರೆದ ವಾಕ್ಯದ ತಪ್ಪು ತನ್ನ ಕಣ್ಣಿಗೆ ಬೀಳುವುದು ಕಷ್ಟವೆಂದೇ ಈ ಕಸುಬಿನಲ್ಲಿ ಎರಡನೆಯ ಕಣ್ಣು ಇಟ್ಟುಕೊಳ್ಳುವುದು. ಎಲ್ಲವನ್ನೂ ಮತ್ತೆ ಮಾಡುವ ಹಿರಿಯರು ಆ ಎರಡನೆಯ ಕಣ್ಣನ್ನೇ ಕುರುಡು ಮಾಡಿಬಿಡುತ್ತಾರೆ, ಅದೂ ಗುಣಮಟ್ಟದ ಹೆಸರಿನಲ್ಲಿ.

ನಿಮ್ಮ ತಂಡ ಈ ಹಾದಿ ಹಿಡಿದಿದೆಯೇ ಎಂದು ತಿಳಿಯಲು ಹಳೆಯ ಕರಡುಗಳ ಅಂಚನ್ನು ನೋಡಿ. ಹೊಸಬರು ಶುರುವಿನಲ್ಲಿ ಪುಟಪುಟಕ್ಕೂ ‘ಲೇಖಕರನ್ನು ಕೇಳಬೇಕು’, ‘ಪು. 32ರಲ್ಲಿ ಬೇರೆ ಇಸವಿ ಇದೆ’ ಎಂದೆಲ್ಲ ಬರೆದಿರುತ್ತಾರೆ. ಬರಬರುತ್ತಾ ಅಂಚು ಖಾಲಿಯಾಗಿ ಕಾಗುಣಿತದ ಗುರುತುಗಳಷ್ಟೇ ಉಳಿದಿದ್ದರೆ ಅದನ್ನು ನುರಿತವರಾದ ಲಕ್ಷಣ ಎಂದು ಹಿಗ್ಗಬೇಡಿ. ‘ಹೇಗೂ ಸರ್ ನೋಡ್ತಾರೆ’ ಎಂದು ಓದುವುದನ್ನೇ ಬಿಟ್ಟಿರುವ ಲಕ್ಷಣ ಅದು.

ಸರಿಪಡಿಸುವುದಕ್ಕೆ ಮೊದಲು ಬೇಕಾದದ್ದು ಸಾಕ್ಷಿ. ಒಂದು ಫಾರಂ, ಅಂದರೆ 16 ಪುಟ, ಸಾಕು. ನೀವು ಕೊಟ್ಟ ವರ್ಡ್ ಕಡತ ಒಂದು, ಸಂಪಾದಕರಿಂದ ಬಂದದ್ದು ಇನ್ನೊಂದು. ರಿವ್ಯೂ ಪಟ್ಟಿಯಲ್ಲಿರುವ ಕಂಪೇರ್ ಬಳಸಿದರೆ ಅವರು ಟ್ರ್ಯಾಕ್ ಚೇಂಜಸ್ ಆಫ್ ಮಾಡಿಟ್ಟು ಮಾಡಿದ ಬದಲಾವಣೆಯೂ ಸಿಕ್ಕುತ್ತದೆ. ಅಚ್ಚು ಹಾಕಿ, ನಿಜವಾದ ತಪ್ಪು ತಿದ್ದಿದ್ದಕ್ಕೆ ಒಂದು ಬಣ್ಣ, ಸಂಸ್ಥೆಯ ಬರವಣಿಗೆಯ ನಿಯಮಕ್ಕೆ ತಂದದ್ದಕ್ಕೆ ಇನ್ನೊಂದು, ಬರೀ ಅಭಿರುಚಿಗೆ ಬದಲಿಸಿದ್ದಕ್ಕೆ ಮೂರನೆಯದು ಹಚ್ಚಿ. ಮೊದಲ ಬಣ್ಣ ಹೆಚ್ಚಿದ್ದರೆ ಕಲಿಯಬೇಕಾದದ್ದು ನಿಮಗೇ ಇದೆ, ಒಪ್ಪಿಕೊಳ್ಳಿ. ಮೂರನೆಯದು ಹೆಚ್ಚಿದ್ದರೆ ಆ ಹಾಳೆಗಳನ್ನೇ ಮುಂದಿಟ್ಟು ಮಾತಾಡಿ. ‘ನೀವು ನಮ್ಮನ್ನು ನಂಬೋದಿಲ್ಲ’ ಎಂದು ಶುರು ಮಾಡಿದರೆ ಮಾತು ಜಗಳಕ್ಕೆ ಹೋಗುತ್ತದೆ. ‘ಸರ್, ಈ ಹನ್ನೊಂದು ಕಡೆ ನಿಯಮ ಏನು ಅಂತ ಹೇಳಿದ್ರೆ ಮುಂದಿನ ಸಲ ನಾನೇ ಮಾಡಿ ಕೊಡ್ತೀನಿ’ ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ಉತ್ತರ ಬಂದದ್ದು ನಿಯಮದ ಹಾಳೆಗೆ ಸೇರಲಿ. ಅವರಿಗೇ ಉತ್ತರ ಹೊಳೆಯದ್ದನ್ನು ಇನ್ನು ಮುಂದೆ ಯಾರೂ ತಿದ್ದಬಾರದು.

ಪ್ರಕಾಶಕರಿಂದ ಎರಡು ಕಟ್ಟುಪಾಡು ಮಾಡಿಸಿಕೊಳ್ಳಿ. ತಿದ್ದುಪಡಿ ಬೇಕೆನ್ನಿಸಿದ ಪುಟ ಮೊದಲು ತಿದ್ದಿದವರಿಗೇ ಗುರುತಿನೊಂದಿಗೆ ವಾಪಸು ಬರಬೇಕು, ಹಿರಿಯರು ತಾವೇ ಮತ್ತೆ ಬರೆಯಕೂಡದು. ಎರಡನೇ ಕರಡಿನ ನಂತರ ಮುಟ್ಟಿದ ಪುಟವನ್ನು, ಮುಟ್ಟಿದವರು ಯಾರೇ ಇರಲಿ, ಬೇರೊಬ್ಬರು ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಿ ಸಹಿ ಹಾಕಬೇಕು. ಎರಡನೆಯದಕ್ಕೆ ಪುಟ ಕಟ್ಟುವವರ ಬೆಂಬಲ ತಾನಾಗಿಯೇ ಸಿಗುತ್ತದೆ. ಕೊನೆ ಗಳಿಗೆಯಲ್ಲಿ ನಾಲ್ಕು ಸಾಲು ಕಡಿಮೆಯಾದರೂ ಪುಟಗಳು ಜರುಗಿ, ಪರಿವಿಡಿ, ಪದಸೂಚಿಯ ಅಂಕಿಗಳನ್ನೆಲ್ಲ ಮತ್ತೆ ನೋಡಬೇಕಾದ ಪಾಡು ಅವರದ್ದೇ.

ಪ್ರಕಾಶಕರೇ ಆ ಸಂಪಾದಕರಾಗಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಆಗ ನಿಮ್ಮ ಪ್ರಶ್ನೆಗಳನ್ನು ದಿನಾಂಕ, ಪುಟಸಂಖ್ಯೆ ಸಮೇತ ಮೇಲ್‌ನಲ್ಲೇ ಕಳಿಸಿ, ಬೇರೆ ಕಡೆ ಕೆಲಸ ನೋಡಿ. ಅಲ್ಲಿ ಸಂದರ್ಶನಕ್ಕೆ ಹೋದಾಗ ಸಂಬಳದ ಮಾತಿಗೆ ಮೊದಲು, ಕೊನೆಯ ಬದಲಾವಣೆ ಮಾಡುವವರು ಯಾರು, ಅದರ ಮೇಲೆ ಓದುವವರು ಯಾರು ಎಂದು ಕೇಳಿ. ಎರಡಕ್ಕೂ ಒಂದೇ ಹೆಸರು ಬಂದರೆ ಹಿಂದೆ ಮುಂದೆ ಯೋಚಿಸಿ ಒಪ್ಪಿಕೊಳ್ಳಿ.