ಫೋಟೋರೆಕ್, ಸ್ಕ್ಯಾಲ್ಪೆಲ್ ಮತ್ತು ನಾನು ಕಳೆದುಕೊಂಡ ಮೂರು ಸಾವಿರ

ಮೊದಲೇ ಹೇಳಿಬಿಡುತ್ತೇನೆ, ಅಳಿಸಿಹೋದ ಫೋಟೋಗಳನ್ನು ಮರಳಿ ತೆಗೆಯುವ ಸಾಫ್ಟ್‌ವೇರ್‌ಗಳಲ್ಲಿ ನನ್ನ ಓಟು ಫೋಟೋರೆಕ್‌ಗೆ. ಅದು ಪುಕ್ಕಟೆ. ಆದರೆ ನಾನು ಅದರ ಹತ್ತಿರ ಹೋಗಿದ್ದು ಮೂರು ಸಾವಿರ ರೂಪಾಯಿ ಬೇರೆ ಕಡೆ ಸುರಿದ ಮೇಲೆ.

ದೊಡ್ಡಪ್ಪನ ಮನೆಯ ಹಳೇ ಪಹಣಿ, ಪಾಲುಪಟ್ಟಿ, ಕ್ರಯಪತ್ರಗಳನ್ನು ಹಾಳೆ ಹಾಳೆಯಾಗಿ ಫೋಟೋ ತೆಗೆದಿದ್ದೆ. ಸುಮಾರು 400 ಫೋಟೋ, 32 ಜಿಬಿ ಕಾರ್ಡ್. ವಂಶವೃಕ್ಷ ಟೈಪ್ ಮಾಡಿದ ಎರಡು ವರ್ಡ್ ಫೈಲೂ ಅದರಲ್ಲೇ ಇದ್ದವು. ಫಾರ್ಮ್ಯಾಟ್ ಮಾಡಲೇ ಅಂತ ಕ್ಯಾಮೆರಾ ಕೇಳಿತು, ಮಗ ಓಕೆ ಒತ್ತಿದ.

ಇಂಥ ಫಾರ್ಮ್ಯಾಟ್‌ನಲ್ಲಿ ಸಾಮಾನ್ಯವಾಗಿ ಅಳಿಸಿಹೋಗುವುದು ಪಟ್ಟಿ ಮಾತ್ರ. ಯಾವ ಫೈಲು ಎಲ್ಲಿ ಶುರು, ಅದರ ಮುಂದಿನ ತುಂಡು ಎಲ್ಲಿ ಅನ್ನುವ ಲೆಕ್ಕ. ಫೋಟೋದ ಬೈಟ್‌ಗಳು ಸೆಕ್ಟರ್‌ಗಳಲ್ಲಿ, ಅಂದ್ರೆ ಕಾರ್ಡಿನ ಪುಟ್ಟ ಪುಟ್ಟ ಖಾನೆಗಳಲ್ಲಿ, ಹಾಗೇ ಬಿದ್ದಿರುತ್ತವೆ. ಪಟ್ಟಿಯ ಹಂಗಿಲ್ಲದೆ ಸೆಕ್ಟರ್‌ಗಳನ್ನು ಓದುತ್ತಾ, ಗುರುತು ಹಿಡಿದು ಫೈಲನ್ನು ಕತ್ತರಿಸಿ ತೆಗೆಯುವುದೇ ಕಾರ್ವಿಂಗ್. ಫೋಟೋದ ಜೆಪೆಗ್ ಫೈಲಿನ ತಲೆಯಲ್ಲಿ FF D8 FF ಅನ್ನುವ ಬೈಟ್‌ಗಳು ಇರುತ್ತವೆ, ಬಾಲದಲ್ಲಿ FF D9.

ಕಾರ್ಡನ್ನು ಮುಟ್ಟದೆ, ಪ್ರತಿ ತೆಗೆದುಕೊಂಡು ಅದರ ಮೇಲೆ ಎಲ್ಲವನ್ನೂ ಓಡಿಸಿದೆ:

```
sudo ddrescue -d /dev/sdb card.img card.map
```

ಮೊದಲು ದುಡ್ಡಿನ ಸಾಫ್ಟ್‌ವೇರ್. ಹೆಸರು ಬೇಡ. ಅದರ ಪುಕ್ಕಟೆ ಆವೃತ್ತಿ ನನ್ನ ಫೋಟೋಗಳನ್ನೆಲ್ಲ ಚಿಕ್ಕದಾಗಿ ಸಾಲಾಗಿ ತೋರಿಸಿತು. ಖುಷಿಯಾಗಿ ದುಡ್ಡು ಕಟ್ಟಿ, ಸೇವ್ ಮಾಡಿ ಒಂದನ್ನು ತೆರೆದರೆ ಎರರ್. ಇನ್ನೊಂದು, ಅದೂ ಎರರ್. ವಿಚಿತ್ರ ಅಂದ್ರೆ ಫೋಲ್ಡರಿನಲ್ಲಿ ಮಾತ್ರ ಎಲ್ಲದರ ಚಿಕ್ಕ ಚಿತ್ರ ಸರಿಯಾಗೇ ಕಾಣುತ್ತಿತ್ತು!

ಎರಡು ರಾತ್ರಿ ಇದಕ್ಕೇ ಹೋಯಿತು. ಕೊನೆಗೆ ಫೈಲಿನ ಗಾತ್ರ ನೋಡಿದಾಗ ಹೊಳೆಯಿತು. 5 ಎಂಬಿ ಇರಬೇಕಾದವು ಎಲ್ಲವೂ 64 ಕೆಬಿ ಒಳಗಿದ್ದವು. ಕ್ಯಾಮೆರಾದ ಜೆಪೆಗ್ ತಲೆಭಾಗದಲ್ಲಿ ಎಕ್ಸಿಫ್ ಅನ್ನುವ ವಿಭಾಗ ಇರುತ್ತದೆ. ಅದರೊಳಗೆ ಒಂದು ಪುಟ್ಟ ಥಂಬ್‌ನೇಲ್. ಅದೂ ಸ್ವತಃ ಜೆಪೆಗ್, ಅದಕ್ಕೂ ತನ್ನದೇ FF D9 ಇರುತ್ತದೆ. ಕಣ್ಣಿಗೆ ಬಿದ್ದ ಮೊದಲ FF D9ಗೇ ಕತ್ತರಿ ಹಾಕಿದರೆ ಕೈಗೆ ಬರುವುದು ತಲೆ ಮತ್ತು ಥಂಬ್‌ನೇಲ್ ಅಷ್ಟೇ, ಮುಂಡವೇ ಇಲ್ಲ. ಆ ವಿಭಾಗ 64 ಕೆಬಿ ಮೀರುವಂತಿಲ್ಲ, ಅದಕ್ಕೇ ಆ ಗಾತ್ರ. ಪ್ರಿವ್ಯೂನಲ್ಲಿ ನಾನು ನೋಡಿದ್ದೂ ಈ ಥಂಬ್‌ನೇಲನ್ನೇ.

ಊಹೆ ಸರಿಯೇ ಅಂತ ನೋಡಲು ಸ್ಕ್ಯಾಲ್ಪೆಲ್ ಅನ್ನುವ ಕಾರ್ವಿಂಗ್ ಸಾಫ್ಟ್‌ವೇರ್ ಹಿಡಿದೆ. ಇದರಲ್ಲಿ ತಲೆ, ಬಾಲದ ಗುರುತನ್ನು ನಾವೇ scalpel.conf ಫೈಲಿನಲ್ಲಿ ಬರೆಯಬೇಕು:

```
jpg y 20000000 \xff\xd8\xff\xe1 \xff\xd9
```

ಅದೇ ಮುಂಡವಿಲ್ಲದ ಫೋಟೋಗಳು ಬಂದವು. ಸಾಲಿನ ಕೊನೆಗೆ `REVERSE` ಸೇರಿಸಿದರೆ 20 ಎಂಬಿ ಒಳಗಿನ ಕಟ್ಟಕಡೆಯ FF D9 ತನಕ ತೆಗೆಯುತ್ತದೆ. ಆಗ ಫೋಟೋ ತೆರೆಯಿತು, ಆದರೆ ಪ್ರತಿ ಫೈಲೂ ಮುಂದಿನ ಮೂರ್ನಾಲ್ಕು ಫೋಟೋಗಳನ್ನು ಹೊಟ್ಟೆಗೆ ಹಾಕಿಕೊಂಡು ಹತ್ತಿರ 20 ಎಂಬಿ ಆಯಿತು. ಕಲಿಯಲು ಒಳ್ಳೆಯದು, ಸ್ಕ್ಯಾಲ್ಪೆಲ್. ಅವಸರಕ್ಕಲ್ಲ.

ಇದೇ ಥರದ ಇನ್ನೊಂದು ಸಾಫ್ಟ್‌ವೇರ್ ಫೋರ್‌ಮೋಸ್ಟ್ ಪರವಾಗಿಲ್ಲ, ನನಗೆ ಅದರ ಅಗತ್ಯ ಬೀಳಲಿಲ್ಲ.

ಫೋಟೋರೆಕ್ ಬಾಲ ಹುಡುಕುತ್ತಾ ಕೂರುವುದಿಲ್ಲ, ಜೆಪೆಗ್ಗಿನ ರಚನೆಯನ್ನೇ ಓದುತ್ತದೆ. ಪ್ರತಿ ವಿಭಾಗದ ತಲೆಯಲ್ಲಿ ಅದರ ಉದ್ದ ಬರೆದಿರುತ್ತದೆ. ಎಕ್ಸಿಫ್ ಎಷ್ಟು ಉದ್ದವೋ ಅಷ್ಟನ್ನು ದಾಟಿ ಮುಂದೆ ಹೋದರೆ ಥಂಬ್‌ನೇಲಿನ ಬಾಲ ದಾರಿ ತಪ್ಪಿಸುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಹೆಚ್ಚುಕಮ್ಮಿ ಎಲ್ಲ ಫೋಟೋ ಬಂದವು, ಪೂರ್ತಿ ಗಾತ್ರದಲ್ಲಿ.

ಹಳೇ ಹೆಸರು ಮಾತ್ರ ಬರುವುದಿಲ್ಲ, ಅದು ಪಟ್ಟಿಯ ಜೊತೆಗೇ ಹೋಯಿತಲ್ವಾ. f0123456.jpg ಥರದ ಹೆಸರಿನಲ್ಲಿರುವುದು ಸೆಕ್ಟರ್ ಸಂಖ್ಯೆ. ಖಾಲಿ ಕಾರ್ಡಿಗೆ ಒಂದರ ಹಿಂದೆ ಒಂದು ತೆಗೆದಿದ್ದರಿಂದ ಆ ಕ್ರಮದಲ್ಲೇ ಹಾಳೆಗಳು ಜೋಡಿಸಿಕೊಂಡವು.

ಒಂಬತ್ತು ಫೋಟೋಗಳು ಮೇಲರ್ಧ ಸರಿ, ಕೆಳಗೆ ಬೂದು ಬಣ್ಣ. ನಡುವೆ ಕೆಲವನ್ನು ಡಿಲೀಟ್ ಮಾಡಿದ್ದೆ. ಆ ಸಂದಿಗಳಲ್ಲಿ ಹೊಸ ಫೋಟೋ ತುಂಡು ತುಂಡಾಗಿ ಕೂತಿರಬೇಕು. ಎರಡನೇ ತುಂಡು ಎಲ್ಲಿದೆ ಅನ್ನುವುದು ಪಟ್ಟಿಗೆ ಮಾತ್ರ ಗೊತ್ತಿತ್ತು. ತುಂಡುಗಳನ್ನು ಒಂದೊಂದಾಗಿ ಹೊಂದಿಸಿ ನೋಡುವ ಬ್ರೂಟ್ ಫೋರ್ಸ್ ಆಯ್ಕೆ ಫೋಟೋರೆಕ್‌ನಲ್ಲಿ ಇದೆ, ರಾತ್ರಿಯಿಡೀ ಓಡಿಸಿದ್ದಕ್ಕೆ ಎರಡು ಸರಿಯಾದವು.

ವರ್ಡ್‌ನ docx ಫೈಲು ಒಳಗೆ ಜಿಪ್ ಕಟ್ಟು. ಅದರ ಪಟ್ಟಿ ಕೊನೆಯಲ್ಲಿರುತ್ತದೆ, ಹಾಗಾಗಿ ಬಾಲ ಹೋದರೆ ತೆರೆಯುವುದೇ ಇಲ್ಲ. ಒಂದು ಸೀದಾ ತೆರೆಯಿತು. ಇನ್ನೊಂದಕ್ಕೆ ಜಿಪ್ ರಿಪೇರಿ ಮಾಡುವ ಇದನ್ನು ಓಡಿಸಬೇಕಾಯಿತು:

```
zip -FF f0998400.docx --out vamsha.docx
```

ಅಕ್ಷರಗಳೆಲ್ಲ ಬಂದವು, ಒಳಗಿದ್ದ ಒಂದು ಚಿತ್ರ ಹೋಯಿತು.

ನಾನು ಲಿನಕ್ಸ್ ಬಳಸುವವನು, ಕಪ್ಪು ಪರದೆಯ ಮೆನು ಕಂಡರೆ ಹೆದರಿಕೆಯಿಲ್ಲ. ಅದಕ್ಕೇ ಫೋಟೋರೆಕ್ ಹಿಡಿಸಿತು. ನಿಮಗೆ ದುಡ್ಡಿನದ್ದೇ ಬೇಕು ಅಂದ್ರೆ, ಕಟ್ಟುವ ಮೊದಲು ಒಂದು ಫೋಟೋ ದೊಡ್ಡದಾಗಿ ತೆರೆದು ತೋರಿಸುತ್ತದೆಯೇ, ಗಾತ್ರ ಎಷ್ಟು ಅಂತ ಹೇಳುತ್ತದೆಯೇ ನೋಡಿ.

ಉಳಿದ ಏಳು ಹಾಳೆಗಾಗಿ ಮತ್ತೆ ದೊಡ್ಡಪ್ಪನ ಮನೆಗೆ ಹೋಗಬೇಕು. ಮಗನನ್ನೂ ಕರೆದುಕೊಂಡು ಹೋಗುತ್ತೇನೆ, ಕ್ಯಾಮೆರಾ ನನ್ನ ಕೈಯಲ್ಲೇ ಇರುತ್ತದೆ.